ಮಗನ ದನಿ ಒಡೆಯುತ್ತಿದೆ, ಶ್ರುತಿ ಬದಲಿಸಬೇಕಾ?

ಪ್ರಶ್ನೆ: ಮಗನಿಗೆ 13 ವರ್ಷ. ಐದೂವರೆ ಮನೆ ಶ್ರುತಿಯಲ್ಲಿ ಆರಾಮಾಗಿ ಹಾಡುತ್ತಿದ್ದ. ಎರಡು ತಿಂಗಳಿಂದ ಸರಳೆ ವರಸೆಯಲ್ಲೇ ಮೇಲಿನ ಷಡ್ಜ ಒಡೆಯುತ್ತಿದೆ. ಸಾಧನೆ ಜಾಸ್ತಿ ಮಾಡಿಸಲಾ, ಪಾಠ ನಿಲ್ಲಿಸಲಾ? ಅವನದು ಟೆನರ್ ದನಿಯಾ, ಬ್ಯಾರಿಟೋನಾ?

ಉತ್ತರ: ಎರಡೂ ಬೇಡ, ಶ್ರುತಿ ಇಳಿಸಿ. ಟೆನರ್, ಬ್ಯಾರಿಟೋನ್ ಅನ್ನುವುದು ದೊಡ್ಡವರ ದನಿಗೆ ಇಟ್ಟ ಹೆಸರು. ಈ ವಯಸ್ಸಲ್ಲಿ ಧ್ವನಿತಂತುಗಳು ಉದ್ದ, ದಪ್ಪ ಆಗುತ್ತಿರುತ್ತವೆ. ಹುಡುಗರ ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹದಿನೇಳು, ಹದಿನೆಂಟರವರೆಗೆ ಆ ಹೆಸರು ಹಚ್ಚುವ ಗೋಜಿಗೆ ಹೋಗಬೇಡಿ.

ಈಗ ಬೇಕಾಗಿರುವುದು ಅಳತೆ. ಕೀಬೋರ್ಡ್ ಇಟ್ಟುಕೊಂಡು, ಮೆಲ್ಲಗೆ, ಒತ್ತಡವಿಲ್ಲದೆ ಬರುವ ಅತಿ ಕೆಳಗಿನ ಮತ್ತು ಅತಿ ಮೇಲಿನ ಸ್ವರ ಗುರುತಿಸಿ. ಕಿರುಚಿದರೆ ಬರುವ ಸ್ವರ ಲೆಕ್ಕಕ್ಕಿಲ್ಲ. ಕೆಳಗೆ ಎರಡೂವರೆ ಮನೆ, ಮೇಲೆ ಮುಂದಿನ ಸ್ಥಾಯಿಯ ನಾಲ್ಕೂವರೆ ಮನೆ ಸಿಕ್ಕಿತು ಅಂದುಕೊಳ್ಳಿ. ಐದೂವರೆಯಲ್ಲಿ ಷಡ್ಜ ಹಿಡಿದು ಮಾಯಾಮಾಳವಗೌಳದ ಸರಳೆ ಹಾಡಿದರೆ ಧೈವತದ ತನಕ ಬರುತ್ತದೆ. ನಿಷಾದಕ್ಕೆ ಅವನ ದನಿಯೇ ಮುಗಿದಿರುತ್ತದೆ! ಎಷ್ಟು ಸಾಧನೆ ಮಾಡಿದರೂ ಮೇಲಿನ ಷಡ್ಜ ಒಡೆಯಲೇಬೇಕು. ಕೆಳಗೆ ಮಾತ್ರ ಮಂದ್ರ ಪಂಚಮದವರೆಗೆ ಹೊಸ ಜಾಗ ಸುಮ್ನೆ ಖಾಲಿ ಬಿದ್ದಿರುತ್ತದೆ. ಷಡ್ಜವನ್ನು ಎರಡೂವರೆಗೆ ತಂದರೆ ಸರಳೆ, ಜಂಟಿ, ಅಲಂಕಾರ ಎಲ್ಲ ಒಳಗೇ ಕೂರುತ್ತವೆ. ಮೇಲಿನ ರಿಷಭವೂ ಸಿಗುತ್ತದೆ. ಮಂದ್ರ ಸ್ಥಾಯಿ ಮಾತ್ರ ಸದ್ಯಕ್ಕೆ ಇಲ್ಲ. ಎಲ್ಲರೂ ಐದೂವರೆಯಲ್ಲಿ ಹಾಡುವ ಗುಂಪು ಪಾಠದಲ್ಲಿ ಇದು ತೊಂದರೆಯೇ. ಅಲ್ಲಿ ಅವನು ತಾಳ ಹಾಕಿಕೊಂಡು ಕೇಳಲಿ, ಬಾರದ ಸ್ವರಕ್ಕೆ ಬಾಯಿ ಹಾಕುವುದು ಬೇಡ.

ಹಾಡುವ ಮುಂಚೆ ಹತ್ತು ನಿಮಿಷ ದನಿ ಬಿಸಿ ಮಾಡಿಸಿ. ಚಿಕ್ಕ ಮಕ್ಕಳು ಬಸ್ಸಿನ ಆಟ ಆಡುವಾಗ ತುಟಿ ನಡುಗಿಸಿ ‘ಬ್ರ್‌ರ್’ ಅನ್ನುತ್ತಾರಲ್ಲ, ಅದರಿಂದಲೇ ಶುರು. ಆ ಸದ್ದಿನಲ್ಲೇ ಪಂಚಮದಿಂದ ಷಡ್ಜಕ್ಕೆ ಮೆಲ್ಲಗೆ ಜಾರಿ ಬರಬೇಕು. ಆಮೇಲೆ ಬಾಯಿ ಮುಚ್ಚಿ ‘ಮ್’ ಅಂತ ಅದೇ ಇಳಿಜಾರು, ಕೊನೆಗೆ ಅಕಾರ. ಯಾವಾಗಲೂ ಮೇಲಿಂದ ಕೆಳಗೆ. ಮೇಲಿನ ಹಗುರ ದನಿಯನ್ನೇ ಕೆಳಗೆ ತಂದರೆ ಒಡೆಯುವ ಜಾಗ ಮೆತ್ತಗಾಗುತ್ತದೆ. ಕೆಳಗಿಂದ ತಳ್ಳಿಕೊಂಡು ಹತ್ತಿದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅಪ್ಪನ ಹಾಗೆ ದಪ್ಪ ದನಿ ಬರಲಿ ಅಂತ ಕೆಳಗಿನ ಸ್ವರಕ್ಕೆ ಒತ್ತುವುದೂ ಅಷ್ಟೇ ಕೆಟ್ಟದ್ದು.

ಒಂದು ಸ್ವರ ಫಕ್ಕನೆ ಒಡೆದರೆ ಗಾಬರಿ ಬೇಡ, ನಕ್ಕು ಮುಂದೆ ಹೋಗಿ. ಗಂಟಲು ನೋಯುತ್ತಿದ್ದರೆ ಆ ಹೊತ್ತಿಗೇ ನಿಲ್ಲಿಸಿ. ನೆಗಡಿ ಇಲ್ಲದೆ ಮೂರು ವಾರ ದನಿ ಕರಕರ ಅಂತಲೇ ಇದ್ದರೆ ಕಿವಿ, ಮೂಗು, ಗಂಟಲಿನ ಡಾಕ್ಟರಿಗೆ ತೋರಿಸಿ. ಉಳಿದಂತೆ ಎರಡು ವಾರಕ್ಕೊಮ್ಮೆ ಮತ್ತೆ ಅಳೆದು, ತಾರೀಖು ಸಮೇತ ಸಂಗೀತದ ಪುಸ್ತಕದಲ್ಲೇ ಬರೆದಿಡಿ. ಮುಂದಿನ ಸಲ ಎರಡೂವರೆ ಒಂದೂವರೆ ಆಗಿರಬಹುದು.