ಕೆಂಪು ಏಕೆ ಕಾರಿಗೆ ಅಂಟಿಕೊಳ್ಳುತ್ತದೆ?

ಸುಮಾರು ಏಳು ವರ್ಷದವರಿದ್ದಾಗ ಜೆ.ಆರ್.ಆರ್. ಟೋಲ್ಕಿನ್ ಒಂದು ಡ್ರ್ಯಾಗನ್ ಕಥೆ ಬರೆದರು. ತಾಯಿ ಡ್ರ್ಯಾಗನ್ ಬಗ್ಗೆ ಏನನ್ನೂ ಹೇಳಲಿಲ್ಲವಂತೆ. ‘ಹಸಿರು ದೊಡ್ಡ ಡ್ರ್ಯಾಗನ್’ ಎನ್ನಬಾರದು, ‘ದೊಡ್ಡ ಹಸಿರು ಡ್ರ್ಯಾಗನ್’ ಎನ್ನಬೇಕು ಎಂದಷ್ಟೇ ತಿದ್ದಿದರಂತೆ. ಹಾಗೇಕೆ ಎಂಬುದು ಅಂದೂ ತಿಳಿಯಲಿಲ್ಲ, ಇಂದೂ ತಿಳಿದಿಲ್ಲ ಎಂದು 1955ರಲ್ಲಿ ಕವಿ ಆಡೆನ್‌ಗೆ ಬರೆದ ಪತ್ರದಲ್ಲಿ ಅವರು ಹೇಳಿಕೊಂಡರು. ಭಾಷೆಗಳನ್ನೇ ಹುಟ್ಟಿಸಿದ ಪ್ರಾಧ್ಯಾಪಕರ ಮಾತಿದು!

‘ದೊಡ್ಡ ಹಳೆಯ ಕೆಂಪು ಕಾರು’ ಸರಾಗವಾಗಿ ಬರುತ್ತದೆ. ‘ಕೆಂಪು ಹಳೆಯ ದೊಡ್ಡ ಕಾರು’ ಎಂದಾಗ ನಾಲಿಗೆ ತಡವರಿಸುತ್ತದೆ. ಕಾರಣ ಕೇಳಿದರೆ ಬಹಳ ಮಂದಿ ಇಂಗ್ಲಿಷ್ ವ್ಯಾಕರಣದ ಪಟ್ಟಿಯನ್ನು ಒಪ್ಪಿಸುತ್ತಾರೆ: ಅಭಿಪ್ರಾಯ, ಗಾತ್ರ, ವಯಸ್ಸು, ಆಕಾರ, ಬಣ್ಣ, ಮೂಲ, ವಸ್ತು, ಉದ್ದೇಶ. ನನಗೆ ಈ ಪಟ್ಟಿಯ ಮೇಲೆ ಸಿಟ್ಟು. ಜ್ವರವೇಕೆ ಬಂತೆಂದು ಕೇಳಿದವರಿಗೆ ಥರ್ಮಾಮೀಟರ್ ತೋರಿಸಿದ ಹಾಗೆ ಅದು. ಬಣ್ಣಕ್ಕಿಂತ ಗಾತ್ರ ಮೊದಲು ಬರುತ್ತದೆ ಎಂದು ಹೇಳುತ್ತದೆಯೇ ಹೊರತು ಏಕೆಂದು ಹೇಳುವುದಿಲ್ಲ.

2017ರಲ್ಲಿ ಗ್ರೆಗರಿ ಸ್ಕಾಂಟ್ರಾಸ್, ಜೂಡಿತ್ ಡೆಗನ್ ಮತ್ತು ನೋವಾ ಗುಡ್‌ಮನ್ ಎಂಬ ಸಂಶೋಧಕರು ಇಡೀ ಪಟ್ಟಿಯನ್ನು ಒಂದೇ ಗುಣಕ್ಕೆ ಇಳಿಸಿದರು. ವಿಶೇಷಣ ಎಷ್ಟರ ಮಟ್ಟಿಗೆ ನೋಡುವವರ ಅಭಿಪ್ರಾಯವನ್ನು ಅವಲಂಬಿಸಿದೆಯೋ ಅಷ್ಟು ಅದು ನಾಮಪದದಿಂದ ದೂರ ನಿಲ್ಲುತ್ತದೆ. ಅಳೆಯುವ ಬಗೆ ಸರಳ. ಒಂದೇ ಕಾರನ್ನು ನೋಡಿ ಒಬ್ಬರು ‘ಇದು ಕೆಂಪು’ ಎನ್ನುತ್ತಾರೆ, ಇನ್ನೊಬ್ಬರು ‘ಅಲ್ಲ’ ಎನ್ನುತ್ತಾರೆ. ಇಬ್ಬರೂ ಸರಿಯಿರಬಹುದೇ? ಕಷ್ಟ, ಯಾರೋ ಒಬ್ಬರು ತಪ್ಪಿದ್ದಾರೆ ಎನಿಸುತ್ತದೆ. ‘ಇದು ದೊಡ್ಡದು’, ‘ಅಲ್ಲ’ ಎಂಬ ಜಗಳದಲ್ಲಾದರೆ ಇಬ್ಬರನ್ನೂ ಒಪ್ಪಬಹುದು. ‘ಹಳೆಯದು’ ಇವೆರಡರ ನಡುವೆ ಬೀಳುತ್ತದೆ. ವಾಕ್ಯದಲ್ಲೂ ಅದರ ಜಾಗ ನಡುವೆಯೇ.

ಸರಿ, ಜಗಳವಿಲ್ಲದ ಪದವೇ ನಾಮಪದದ ಮಗ್ಗುಲಲ್ಲಿ ಏಕಿರಬೇಕು? ನನಗೆ ಬಹಳ ಪ್ರಿಯವಾದ ಭಾಗವಿದು. ಅರ್ಥವು ನಾಮಪದದಿಂದ ಹೊರಮುಖವಾಗಿ, ಈರುಳ್ಳಿಯ ಪದರಗಳಂತೆ ಬೆಳೆಯುತ್ತದೆ. ಕಾರುಗಳಲ್ಲಿ ಕೆಂಪಾದವು, ಆ ಕೆಂಪು ಕಾರುಗಳಲ್ಲಿ ದೊಡ್ಡದು. ಅಥವಾ ಒಂದರ ಕೆಳಗೊಂದು ಜರಡಿ ಹಿಡಿದಂತೆ ಎನ್ನಿ. ಒಂದು ಬಯಲಿನಲ್ಲಿ ಹನ್ನೆರಡು ಕಾರುಗಳಿವೆ. ನಾಲ್ಕು ಕೆಂಪು: ಮೂರರ ಉದ್ದ ಸುಮಾರು 3.5 ಮೀಟರ್, ನಾಲ್ಕನೆಯದು 4.5 ಮೀಟರ್. ಉಳಿದ ಎಂಟು ಬೇರೆ ಬಣ್ಣದವು, 4.3ರಿಂದ 5 ಮೀಟರ್‌ವರೆಗೆ ಇವೆ. ನಾನು ಆ 4.5 ಮೀಟರ್ ಕಾರನ್ನೇ ತೋರಿಸಬೇಕು. ಮೊದಲು ‘ಕೆಂಪು’ ಜರಡಿ ಹಿಡಿದರೆ ತಕರಾರಿಲ್ಲದೆ ನಾಲ್ಕು ಉಳಿಯುತ್ತವೆ. ಅವುಗಳಲ್ಲಿ ದೊಡ್ಡದು ಯಾವುದೆಂದು ಕುರುಡರೂ ತಡವಿ ಹೇಳಬಹುದು. ಮೊದಲು ‘ದೊಡ್ಡ’ ಜರಡಿ ಹಿಡಿದರೆ? ಹನ್ನೆರಡರಲ್ಲಿ 4.5 ಮೀಟರಿನದು ದೊಡ್ಡದೋ ಸಾಧಾರಣವೋ? ನನ್ನ ಗೆರೆ 4.4ಕ್ಕಿದ್ದು ನಿಮ್ಮದು 4.7ಕ್ಕಿದ್ದರೆ ಆ ಕಾರು ನಿಮ್ಮ ಜರಡಿಯಲ್ಲಿ ಮೊದಲೇ ಸೋರಿಹೋಗುತ್ತದೆ. ಬಳಿಕ ‘ಕೆಂಪು’ ಎಂದಾಗ ಹುಡುಕಲು ಒಂದೂ ಉಳಿದಿರುವುದಿಲ್ಲ. ‘ದೊಡ್ಡ’ ಎಂಬ ಪದದ ಅಳತೆಗೋಲು ತನ್ನೊಳಗೆ ಉಳಿದ ಗುಂಪನ್ನು ನೋಡಿ ಬದಲಾಗುತ್ತದೆ. ಗುಂಪು ಚಿಕ್ಕದಾದಷ್ಟೂ ಜಗಳ ಕಡಿಮೆ.

ಆದರೆ ಕಿವಿಗೆ ಮೊದಲು ಬೀಳುವುದು ‘ದೊಡ್ಡ’ವೇ ತಾನೆ? ಈ ಆಕ್ಷೇಪ ಗಟ್ಟಿಯಾದದ್ದೇ. ‘ಕಾರು’ ಎಂಬ ಪದ ಕಿವಿಗೆ ಬೀಳುವವರೆಗೂ ಕೇಳುಗರು ತೀರ್ಪು ತಡೆಹಿಡಿಯುತ್ತಾರೆ ಎಂದು ಈ ವಿವರಣೆ ನಂಬಬೇಕಾಗುತ್ತದೆ. ಅದರ ಪರವಾಗಿ ಒಂದು ಸಾಕ್ಷಿ ಇದೆ. ಹೀಬ್ರೂವಿನಂತೆ ವಿಶೇಷಣ ನಾಮಪದದ ನಂತರ ಬರುವ ಭಾಷೆಗಳಲ್ಲಿ ಸಾಮಾನ್ಯವಾಗಿ ಸಾಲು ಕನ್ನಡಿಯಲ್ಲಿ ಕಂಡಂತೆ ತಿರುಗುತ್ತದೆ: ‘ಕಾರು ಕೆಂಪು ದೊಡ್ಡ’. ಮೊದಲು ಕೇಳಿಸುವ ಪದ ಬೇರೆಯಾದರೂ ಕೆಂಪು ಮಾತ್ರ ಕಾರನ್ನು ಬಿಟ್ಟುಕೊಡುವುದಿಲ್ಲ.

ಕನ್ನಡದಲ್ಲಿ ಈ ಅಂಟು ಕಣ್ಣಿಗೇ ಕಾಣುತ್ತದೆ. ಕೆಂದಾವರೆ, ಕಾರ್ಮುಗಿಲುಗಳಲ್ಲಿ ಬಣ್ಣವು ನಾಮಪದದೊಳಗೇ ಕರಗಿದೆ. ಗಾತ್ರವೂ ಹಾಗೆ ಕರಗಬಲ್ಲದು, ಆದರೆ ಅದಕ್ಕೆ ಬೆಲೆ ತೆರಬೇಕು. ‘ಹೆಬ್ಬಾವು’ ಎಂದಾಗ ‘ಹಿರಿದು’ ತನ್ನ ಅಭಿಪ್ರಾಯವನ್ನು ಕಳೆದುಕೊಂಡು ಒಂದು ಜಾತಿಯ ಹೆಸರಾಗಿಬಿಟ್ಟಿದೆ. ಹೀಗಾಗಿಯೇ ‘ಚಿಕ್ಕ ಹೆಬ್ಬಾವು’ ಯಾರಿಗೂ ವಿರೋಧಾಭಾಸ ಎನಿಸುವುದಿಲ್ಲ.

ಸಾಲು ಮುರಿಯುವ ಸಂದರ್ಭಗಳೂ ಇವೆ. ಎದುರಿಗೆ ನಾಲ್ಕಾರು ದೊಡ್ಡ ಕಾರುಗಳೇ ನಿಂತಿದ್ದು, ಯಾವುದೆಂದು ಕೇಳಿದಾಗ ‘ಕೆಂಪು’ವಿಗೆ ಒತ್ತು ಕೊಟ್ಟು ‘ಕೆಂಪು ದೊಡ್ಡ ಕಾರು’ ಎಂದರೆ ಏನೂ ತೊಡಕಿಲ್ಲ. ಅಲ್ಲಿ ‘ದೊಡ್ಡ ಕಾರು’ ಆಗಲೇ ಒಪ್ಪಿತವಾದ ಗುಂಪು. ಇನ್ನೊಂದು ದಾರಿ ‘ಆದ’ ಎಂಬ ಪುಟ್ಟ ಕೃದಂತ. ‘ಕೆಂಪಾದ, ಹಳೆಯದಾದ, ದೊಡ್ಡದಾದ ಕಾರು’ ಎಂದು ಓದಿ ನೋಡಿ: ಸ್ವಲ್ಪ ಉದ್ದವಾಯಿತು, ಆದರೆ ನಾಲಿಗೆ ತಡವರಿಸುವುದಿಲ್ಲ. ಪ್ರತಿ ವಿಶೇಷಣವೂ ಪುಟ್ಟ ವಾಕ್ಯವಾಗಿ ಕಾರಿನೊಂದಿಗೆ ನೇರ ಸಂಬಂಧ ಬೆಳೆಸುತ್ತದೆ, ಪದರದ ಮೇಲೆ ಪದರ ಕೂರುವುದಿಲ್ಲ. ಚೀನಿ ಭಾಷೆಯಲ್ಲಿ ‘ದ’ ಎಂಬ ಅವ್ಯಯವೂ ಇದೇ ಕೆಲಸ ಮಾಡುತ್ತದೆ. ಅದು ಬಂದ ಕೂಡಲೇ ವಿಶೇಷಣಗಳ ಸಾಲು ಸಡಿಲವಾಗುತ್ತದೆ ಎಂದು ರಿಚರ್ಡ್ ಸ್ಪ್ರೋಟ್ ಮತ್ತು ಚಿಲಿನ್ ಶಿ 1991ರಲ್ಲೇ ತೋರಿಸಿದ್ದರು.