ಓವರ್‌ಟೈಮ್ ಬಂದ ತಿಂಗಳು 200 ರೂಪಾಯಿ ಕಡಿತವೇಕೆ?

ಪ್ರಶ್ನೆ: ಕುಶಾಲನಗರದ ಹತ್ತಿರದ ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿದ್ದೇನೆ. 2025ರ ಮಾರ್ಚ್‌ನಲ್ಲಿ ಹನ್ನೆರಡು ಗಂಟೆ ಓವರ್‌ಟೈಮ್ ಮಾಡಿದೆ. ಪಿಎಫ್ ಹೆಚ್ಚಲಿಲ್ಲ, ಆದರೆ ಎಂದೂ ಇಲ್ಲದ ವೃತ್ತಿ ತೆರಿಗೆ 200 ರೂ. ಕಡಿತವಾಗಿದೆ. ಲೆಕ್ಕ ಸರಿಯೇ?

ಉತ್ತರ: ನೀವು ಕಳುಹಿಸಿದ ವೇತನ ಚೀಟಿಯಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 22,880 ರೂ. ಇದೆ, ಬೇರೆ ಭತ್ಯೆಗಳಿಲ್ಲ. ಮೊದಲು ಓವರ್‌ಟೈಮ್ ದರವನ್ನೇ ನೋಡಬೇಕು, ಏಕೆಂದರೆ ಉಳಿದ ಲೆಕ್ಕ ಅದರ ಮೇಲೆ ನಿಂತಿದೆ. ತಿಂಗಳಿಗೆ 26 ಕೆಲಸದ ದಿನ, ದಿನಕ್ಕೆ 8 ಗಂಟೆಯೆಂದು ಹಿಡಿದರೆ 208 ಗಂಟೆಯಾಗುತ್ತದೆ. ಭಾಗಿಸಿದಾಗ ಗಂಟೆಗೆ 110 ರೂ., ಕಾನೂನಿನಂತೆ ಅದರ ದುಪ್ಪಟ್ಟು 220 ರೂ. ಹನ್ನೆರಡು ಗಂಟೆಗೆ 2,640 ರೂ. ಸೇರಿ ಒಟ್ಟು 25,520 ರೂ. ಆಗುತ್ತದೆ. ಚೀಟಿಯಲ್ಲಿರುವುದೂ ಇಷ್ಟೇ.

ಕರ್ನಾಟಕದಲ್ಲಿ ತಿಂಗಳ ವೇತನ 25,000 ರೂ. ಮುಟ್ಟಿದರೆ ವೃತ್ತಿ ತೆರಿಗೆ 200 ರೂ.; ಕಾರ್ಖಾನೆಗಳು ಸಾಮಾನ್ಯವಾಗಿ ಓವರ್‌ಟೈಮ್ ಸೇರಿದ ಮೊತ್ತವನ್ನೇ ಇದಕ್ಕೆ ಹಿಡಿಯುತ್ತವೆ. ನಿಮ್ಮ ಮಟ್ಟಿಗೆ ಈ ಕಡಿತ ಒಂದು ಪುರಾವೆಯೂ ಹೌದು: ಕಚೇರಿಯವರು ದುಪ್ಪಟ್ಟಿನ ಬದಲು ಒಂಟಿ ದರ ಹಾಕಿದ್ದರೆ ಒಟ್ಟು 24,200 ರೂ. ಮಾತ್ರವಾಗಿ ತೆರಿಗೆಯೇ ಬರುತ್ತಿರಲಿಲ್ಲ. ಕೆಲವೆಡೆ 26ರ ಬದಲು 30 ದಿನಗಳಿಂದ ಭಾಗಿಸುತ್ತಾರೆ. ಹಾಗಾದರೆ ಓವರ್‌ಟೈಮ್ 2,288 ರೂ.ಗೆ ಇಳಿದು, ತೆರಿಗೆ ಮಾತ್ರ ಹಾಗೆಯೇ ಉಳಿಯುವುದರಿಂದ ಈ ನಷ್ಟ ಸುಲಭವಾಗಿ ಕಣ್ಣಿಗೆ ಬೀಳದು. ಅಂದಹಾಗೆ, 2025ರ ಏಪ್ರಿಲ್‌ನಲ್ಲಿ ಜಾರಿಯಾದ ತಿದ್ದುಪಡಿಯಂತೆ ಫೆಬ್ರವರಿ ತಿಂಗಳಿಗೆ ಮಾತ್ರ ಈ ತೆರಿಗೆ 300 ರೂ. ಇರುತ್ತದೆ.

ಪಿಎಫ್ ಹೆಚ್ಚದಿರುವುದೂ ಸರಿಯೇ. ಪಿಎಫ್ ಲೆಕ್ಕದ ವೇತನಕ್ಕೆ ಓವರ್‌ಟೈಮ್ ಸೇರುವುದಿಲ್ಲ. ಜೊತೆಗೆ ನಿಮ್ಮ ಕಾರ್ಖಾನೆ ಕಾನೂನಿನ ಮಿತಿಯಾದ 15,000 ರೂ. ಮೇಲೆ ಶೇ. 12ರಂತೆ 1,800 ರೂ. ಮಾತ್ರ ಹಿಡಿಯುತ್ತಿದೆ, ಅದಕ್ಕೆ ಅವಕಾಶವಿದೆ. ಹೀಗೆ ಕೈಗೆ ಬರಬೇಕಾದದ್ದು 23,520 ರೂ. ಆದರೆ ಚೀಟಿಯಲ್ಲಿ ಕಡಿತವಾದ ಮಾತ್ರಕ್ಕೆ ಹಣ ಜಮೆಯಾಯಿತೆಂದು ಅರ್ಥವಲ್ಲ. ಮಾರ್ಚ್ ತಿಂಗಳ ವಂತಿಗೆಯನ್ನು ಏಪ್ರಿಲ್ 15ರೊಳಗೆ ಕಟ್ಟಬೇಕು; ಪಾಸ್‌ಬುಕ್‌ನಲ್ಲಿ ನಿಮ್ಮ ಪಾಲು 1,800, ಮಾಲೀಕರ ಪಾಲು 550, ಪಿಂಚಣಿಗೆ 1,250 ರೂ. ಎಂದು ಕಾಣಬೇಕು.

ಚೀಟಿ ನೋಡಿ ತಿಳಿಯಲಾಗದ್ದು ಗಂಟೆಗಳ ಎಣಿಕೆ. 2025ರ ಮಾರ್ಚ್‌ನಲ್ಲಿದ್ದ ನಿಯಮದಂತೆ ದಿನಕ್ಕೆ 9 ಅಥವಾ ವಾರಕ್ಕೆ 48 ಗಂಟೆ ಮೀರಿದ ಕೆಲಸಕ್ಕಷ್ಟೇ ದುಪ್ಪಟ್ಟು ದರ ಕಡ್ಡಾಯವಾಗಿತ್ತು. ವಾರದಲ್ಲಿ ಒಂದು ದಿನ ರಜೆ ಹಾಕಿ, ಇನ್ನೊಂದು ದಿನ 9 ಗಂಟೆ ದುಡಿದರೆ ಆ ಒಂಬತ್ತನೆಯ ಗಂಟೆ ಓವರ್‌ಟೈಮ್ ಆಗದು. ಆರು ದಿನವೂ ಎಂಟು ಗಂಟೆ ದುಡಿದ ವಾರದಲ್ಲಾದರೆ ಅದೇ ಗಂಟೆಗೆ 220 ರೂ. ಸಲ್ಲಬೇಕು. ಆದ್ದರಿಂದ ಹನ್ನೆರಡು ಗಂಟೆಗಳನ್ನು ವಾರವಾರು ಬಿಡಿಸಿ ಹಾಜರಿ ಪುಸ್ತಕದೊಡನೆ ಹೋಲಿಸಿ ನೋಡಿ.