“ಕೂತು ಮಾತಾಡಿ ಮುಗಿಸಿಕೊಳ್ಳಿ”: ಈ ಮಾತು ಎಲ್ಲಿ ಸರಿ, ಎಲ್ಲಿ ತಪ್ಪು

ಕಚೇರಿಯಲ್ಲಿ ಇಬ್ಬರ ನಡುವೆ ಏನೇ ಆದರೂ ಮೊದಲು ಕೇಳಿಬರುವ ಸಲಹೆ ಒಂದೇ, “ಇಬ್ಬರೂ ಕೂತು ಮಾತಾಡಿ ಮುಗಿಸಿಕೊಳ್ಳಿ.” ಕೆಲಸ ಹಂಚಿಕೊಳ್ಳುವ ಜಗಳಕ್ಕೂ ಇದೇ ಮಾತು, ಮೈಮುಟ್ಟಿದ ದೂರಿಗೂ ಇದೇ ಮಾತು. ಒಂದೇ ಔಷಧಿ ಇಷ್ಟು ಬೇರೆ ಬೇರೆ ಕಾಯಿಲೆಗೆ ಹೇಗೆ ಬಂತು ಅನ್ನೋದು ಗೊತ್ತಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹೀಗೆ ನಡುವೆ ಒಬ್ಬರು ಕೂತು ಇಬ್ಬರನ್ನೂ ಮಾತಾಡಿಸುವ ಮಧ್ಯಸ್ಥಿಕೆ ಕಾರ್ಖಾನೆಯಲ್ಲಿ ಬೆಳೆದದ್ದು. ಒಂದು ಕಡೆ ಕಾರ್ಮಿಕ ಸಂಘ, ಇನ್ನೊಂದು ಕಡೆ ಆಡಳಿತ, ನಡುವೆ ಮೂರನೆಯವರು. ಅಮೆರಿಕ 1947ರಲ್ಲಿ ಇದಕ್ಕೆಂದೇ ಒಂದು ಕೇಂದ್ರ ಸಂಸ್ಥೆ ಮಾಡಿತು, ಬ್ರಿಟನ್ 1970ರ ದಶಕದಲ್ಲಿ ಎಕಾಸ್ ಎಂಬ ಸಂಸ್ಥೆಯನ್ನು ಕಟ್ಟಿತು. ಸಂಘಕ್ಕೆ ಮುಷ್ಕರದ ಬಲವಿತ್ತು, ಆಡಳಿತಕ್ಕೆ ಸಂಬಳದ ಬಲವಿತ್ತು. ಇಬ್ಬರೂ “ಒಪ್ಪಲ್ಲ” ಎಂದು ಎದ್ದು ಹೋಗಬಹುದಿತ್ತು. ಇದೊಂದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಆಮೇಲೆ ಈ ವಿಧಾನ ಸಂಘಗಳಿಂದ ವ್ಯಕ್ತಿಗಳಿಗೆ ಇಳಿಯಿತು. 1994ರಲ್ಲಿ ಅಮೆರಿಕದ ಅಂಚೆ ಸೇವೆ ತಾರತಮ್ಯದ ದೂರುಗಳಿಗೆ ಮಧ್ಯಸ್ಥಿಕೆಯ ಪ್ರಯೋಗ ಶುರು ಮಾಡಿತು, ಆ ದಶಕ ಮುಗಿಯುವ ಹೊತ್ತಿಗೆ ಅದು ದೇಶದ ತುಂಬ ಹರಡಿತು. ವರ್ಷಗಟ್ಟಲೆ ಕೊಳೆಯುತ್ತಿದ್ದ ಜಗಳಗಳು ಕೆಲವೇ ಗಂಟೆಗಳಲ್ಲಿ ಮುಗಿಯುವುದನ್ನು ನೋಡಿದರೆ ಯಾರಿಗೆ ಇಷ್ಟ ಆಗಲ್ಲ ಹೇಳಿ? ಎಲ್ಲ ಕಡೆ ಇದು ರೂಢಿಗೆ ಬಂತು. ಅನೌಪಚಾರಿಕ ರೂಪದಲ್ಲಂತೂ ಇನ್ನೂ ಸುಲಭ: ಫಾರ್ಮ್ ಇಲ್ಲ, ವಿಚಾರಣೆ ಇಲ್ಲ, ತಂಡದ ಒಬ್ಬ ಹಿರಿಯರು ಅಥವಾ ಎಚ್‌ಆರ್‌ನವರೊಬ್ಬರು ನಡುವೆ ಕೂತರೆ ಸಾಕು.

ಸರಿಯಾದ ಜಾಗದಲ್ಲಿ ಇದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನೋದಕ್ಕೆ ಒಂದು ಉದಾಹರಣೆ ತಗೊಳ್ಳೋಣ. ಒಬ್ಬರು ತಿಂಗಳ ಕೊನೆಗೆ ಅಂಕಿ ಕಳಿಸುವವರು, ಇನ್ನೊಬ್ಬರು ಅದರಿಂದ ವರದಿ ಮಾಡುವವರು. ಅಂಕಿ ಪ್ರತಿ ತಿಂಗಳೂ ತಡ. ವರದಿಯವರು ಸಿಟ್ಟಿನಿಂದ ಮ್ಯಾನೇಜರಿಗೂ ಪ್ರತಿ ಹಾಕಿ ಮೇಲ್ ಕಳಿಸುತ್ತಾರೆ, ಅಂಕಿಯವರು ಅದಾದ ಮೇಲೆ ಮಾತೇ ಬಿಟ್ಟಿದ್ದಾರೆ. ನಡುವೆ ಕೂರುವವರು ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ, ತಲಾ ಮುಕ್ಕಾಲು ಗಂಟೆ ನೋಡುತ್ತಾರೆ. ಅಲ್ಲೇ ಅರ್ಧ ಗಂಟು ಬಿಚ್ಚುತ್ತದೆ: ಅಂಕಿಯವರಿಗೆ ಮೂಲ ಲೆಕ್ಕ ಕೈಸೇರುವುದೇ 28ರ ಸಂಜೆ, ಇದು ವರದಿಯವರಿಗೆ ಗೊತ್ತೇ ಇರಲಿಲ್ಲ. ವರದಿಯವರು 30ರ ಬೆಳಗ್ಗೆ ಉತ್ತರ ಕೊಡಬೇಕು, ಇದು ಅಂಕಿಯವರಿಗೆ ಗೊತ್ತಿರಲಿಲ್ಲ.

ಆಮೇಲೆ ಒಟ್ಟಿಗೆ ಒಂದೂವರೆ ಗಂಟೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. “ನೀವು ಬೇಜವಾಬ್ದಾರಿ” ಅನ್ನುವ ಬದಲು “ಹೋದ ತಿಂಗಳು 29ರ ರಾತ್ರಿ 11ರವರೆಗೆ ನಾನು ಕಾಯುತ್ತಾ ಕೂತಿದ್ದೆ” ಎಂದು ನಡೆದದ್ದನ್ನು ಹೇಳಬೇಕು. ಕೊನೆಗೆ ನಾಲ್ಕು ಸಾಲಿನ ಒಪ್ಪಂದ: ಸಿಕ್ಕಷ್ಟು ಅಂಕಿ 27ಕ್ಕೇ ಬರಬೇಕು, ಉಳಿದದ್ದು 28ರ ರಾತ್ರಿ, ತಡವಾದರೆ ಮೊದಲು ಫೋನ್, ಮ್ಯಾನೇಜರಿಗೆ ಪ್ರತಿ ಇಲ್ಲ. ಆರು ವಾರ ಬಿಟ್ಟು ಮತ್ತೆ ನೋಡುವುದು. ಈ ಮರುಭೇಟಿಯನ್ನೇ ಜಾಸ್ತಿ ಜನ ಬಿಟ್ಟುಬಿಡುತ್ತಾರೆ, ಒಪ್ಪಂದ ಸಡಿಲವಾಗುವುದೂ ಅಲ್ಲಿಂದಲೇ.

ಇಲ್ಲಿ ಇಬ್ಬರ ಕೈಯಲ್ಲೂ ಕೊಡಲು ಏನೋ ಇತ್ತು, ಪಡೆಯಲು ಏನೋ ಇತ್ತು. ಯಾರೂ ಯಾರಿಗೂ ಹೆದರಿರಲಿಲ್ಲ. ಕಾರ್ಖಾನೆಯ ಕಾಲದಿಂದ ಈ ವಿಧಾನ ನಿಂತಿರುವುದೇ ಇದರ ಮೇಲೆ.

ಈಗ ಇನ್ನೊಂದು ದೂರು. ಹಿರಿಯರೊಬ್ಬರಿಗೂ ಹೊಸದಾಗಿ ಸೇರಿದ ಹುಡುಗಿಗೂ “ಹೊಂದಾಣಿಕೆ ಇಲ್ಲ” ಎಂದು ಮಾತುಕತೆಗೆ ಬರುತ್ತದೆ. ಕಾಗದದ ಮೇಲೆ ಇದೂ ಮೊದಲಿನದರ ಹಾಗೇ ಕಾಣುತ್ತದೆ. ಬೇರೆಯಾಗಿ ಕೂತಾಗ ಆಕೆ ಮೊದಲು ಕೇಳುವುದು, “ನಾನೇನು ಬದಲಾಯಿಸಿಕೊಳ್ಳಬೇಕು ಹೇಳಿ.” ಆಮೇಲೆ ನಿಧಾನಕ್ಕೆ ರಾತ್ರಿಯ ಮೆಸೇಜುಗಳು, ಬಟ್ಟೆಯ ಬಗ್ಗೆ ಮಾತು, ಬೇಡ ಅಂದ ಮೇಲೆ ಕೆಲಸದಲ್ಲಿ ತಪ್ಪು ಹುಡುಕಲು ಶುರುವಾದದ್ದು ಹೊರಬರುತ್ತದೆ. ನಡುವೆ ಕೂತವರು ಇಲ್ಲಿಗೇ ನಿಲ್ಲಿಸಬೇಕು. ಮುಂದುವರಿಸಿದರೆ ಒಪ್ಪಂದ ಹೀಗಿರುತ್ತದೆ: ರಾತ್ರಿ ಎಂಟರ ಮೇಲೆ ಅವರು ಮೆಸೇಜ್ ಕಳಿಸುವುದಿಲ್ಲ, ಮುಜುಗರವಾದರೆ ಈಕೆ ನೇರವಾಗಿ ಅವರಿಗೇ ಹೇಳಬೇಕು. ಎರಡನೇ ಸಾಲು ಓದಿ ನೋಡಿ. ಕಿರುಕುಳ ತಡೆಯುವ ಕೆಲಸದಲ್ಲಿ ಅರ್ಧ ಆಕೆಯ ತಲೆಗೇ ಬಂತು, ಅಲ್ವಾ? ಇಬ್ಬರೂ ಸ್ವಲ್ಪ ಬಿಟ್ಟುಕೊಡಬೇಕು ಅನ್ನುವುದು ಮಧ್ಯಸ್ಥಿಕೆಯ ಲೆಕ್ಕ. ಬಿಟ್ಟುಕೊಡಲು ಆಕೆಯ ಹತ್ತಿರ ಇರುವುದು ತನ್ನ ನೆಮ್ಮದಿಯೊಂದೇ.

ಇನ್ನೊಂದು ತೊಂದರೆ ಗುಟ್ಟಿನದು. ಅಂಕಿ-ವರದಿ ಜಗಳದಲ್ಲಿ ಗುಟ್ಟು ಕಾಪಾಡುವುದು ಒಳ್ಳೆಯದೇ, ಜನ ಬಿಚ್ಚಿ ಮಾತಾಡುತ್ತಾರೆ. ಕಿರುಕುಳದಲ್ಲಿ ಅದೇ ಗುಟ್ಟು ದಾಖಲೆಯನ್ನು ಅಳಿಸುತ್ತದೆ. ವರ್ಷ ಬಿಟ್ಟು ಅದೇ ವ್ಯಕ್ತಿಯ ಮೇಲೆ ಇನ್ನೊಬ್ಬರು ದೂರು ಕೊಟ್ಟರೆ ಅದು ಮೊದಲ ದೂರು ಎಂದೇ ಲೆಕ್ಕ.

ಇದು ನಿಯಮ ಮಾಡುವವರಿಗೂ ಕಾಣತೊಡಗಿತು, ಆದರೆ ಒಂದೇ ರೀತಿಯಲ್ಲಿ ಅಲ್ಲ. ಅಮೆರಿಕದ ಶಿಕ್ಷಣ ಇಲಾಖೆ 2001ರ ಮಾರ್ಗಸೂಚಿಯಲ್ಲಿ, ಲೈಂಗಿಕ ಹಲ್ಲೆಯಂಥ ದೂರಿಗೆ ಇಬ್ಬರೂ ಒಪ್ಪಿದರೂ ಮಧ್ಯಸ್ಥಿಕೆ ಸರಿಯಲ್ಲ ಎಂದು ಶಾಲೆ-ಕಾಲೇಜುಗಳಿಗೆ ಹೇಳಿತು. 2020ರ ನಿಯಮಗಳು ಇಬ್ಬರ ಲಿಖಿತ ಒಪ್ಪಿಗೆ ಇದ್ದರೆ ಅನೌಪಚಾರಿಕ ದಾರಿಗೆ ಮತ್ತೆ ಬಾಗಿಲು ತೆರೆದವು, ಸಿಬ್ಬಂದಿಯೊಬ್ಬರು ವಿದ್ಯಾರ್ಥಿಗೆ ಕಿರುಕುಳ ಕೊಟ್ಟ ಪ್ರಕರಣ ಬಿಟ್ಟು. ಯುರೋಪಿನಲ್ಲಿ 2011ರ ಇಸ್ತಾಂಬುಲ್ ಒಪ್ಪಂದ ಮಹಿಳೆಯರ ಮೇಲಿನ ಹಿಂಸೆಯ ವಿಷಯದಲ್ಲಿ ಕಡ್ಡಾಯ ಸಂಧಾನ ಬೇಡ ಎಂದಿತು.

ಕೆಲಸದ ಜಾಗದಲ್ಲಿ ಮಹಿಳೆಯರಿಗೆ ಲೈಂಗಿಕ ಕಿರುಕುಳ ತಡೆಯುವ ಭಾರತದ 2013ರ ಕಾಯ್ದೆ ನಡುವಿನ ದಾರಿ ಹಿಡಿಯಿತು. ಅದರ 10ನೇ ಸೆಕ್ಷನ್ ಪ್ರಕಾರ, ದೂರು ಕೊಟ್ಟ ಮಹಿಳೆ ತಾನೇ ಕೇಳಿದರೆ ವಿಚಾರಣೆಗೆ ಮೊದಲು ಸಂಧಾನಕ್ಕೆ ಅವಕಾಶ ಉಂಟು. ಹಣ ಕೊಟ್ಟು ರಾಜಿ ಮಾಡುವಂತಿಲ್ಲ. ರಾಜಿಯನ್ನು ದೂರು ವಿಚಾರಿಸುವ ಸಮಿತಿ ಬರೆದಿಟ್ಟು ಇಬ್ಬರಿಗೂ ಪ್ರತಿ ಕೊಡಬೇಕು, ಆಮೇಲೆ ವಿಚಾರಣೆ ಇಲ್ಲ, ಷರತ್ತು ಮುರಿದರೆ ಮಾತ್ರ ಮತ್ತೆ ತೆರೆಯುತ್ತದೆ. ಇಂಥ ಸಂಧಾನಕ್ಕೆ ಅವಕಾಶವೇ ಬೇಡ ಎಂಬ ಆಕ್ಷೇಪ ಅದೇ ವರ್ಷ, ಮಹಿಳೆಯರ ಮೇಲಿನ ಅಪರಾಧಗಳ ಕಾನೂನು ಪರಿಶೀಲಿಸಿದ ನ್ಯಾಯಮೂರ್ತಿ ವರ್ಮಾ ಸಮಿತಿಯ ವರದಿಯಲ್ಲೂ ಬಂದಿತ್ತು.

“ತಾನೇ ಕೇಳಿದರೆ” ಎಂಬ ಮಾತಿನ ಮೇಲೆಯೇ ಎಲ್ಲವೂ ನಿಂತಿದೆ. ಆಕೆ ನಿಜವಾಗಿ ಕೇಳಿದಳೋ, ನಾಲ್ಕು ಜನ ಸೇರಿ ಕೇಳಿಸಿದರೋ? ಹಾಗೆ ಕೇಳಿಸುವುದು ಬಹಳ ಮೃದುವಾಗಿ ನಡೆಯುತ್ತದೆ, “ಅವರ ಸಂಸಾರ ನೋಡಿ”, “ನಿಮ್ಮ ಕೆಲಸಕ್ಕೂ ಒಳ್ಳೆಯದು” ಎಂದು. ಆದ್ದರಿಂದ ಆಕೆಯನ್ನು ಒಂಟಿಯಾಗಿ ಕೂರಿಸಿ ಕೇಳಬೇಕಾದ ಪ್ರಶ್ನೆ ಒಂದಿದೆ: ನೀವು ಬೇಡ ಅಂದರೆ ನಾಳೆಯಿಂದ ನಿಮ್ಮ ಕೆಲಸದಲ್ಲಿ ಏನಾಗಬಹುದು ಅನ್ನಿಸುತ್ತೆ? ಉತ್ತರದಲ್ಲಿ ಭಯ ಇದ್ದರೆ ಆ ಒಪ್ಪಿಗೆಗೆ ಬೆಲೆ ಇಲ್ಲ.

ದಿನಗಳ ಲೆಕ್ಕವೂ ಇದೆ. ಅದೇ ಕಾಯ್ದೆಯಲ್ಲಿ ದೂರು ಕೊಡಲು ಕೊನೆಯ ಘಟನೆಯಿಂದ ಮೂರು ತಿಂಗಳು, ತಕ್ಕ ಕಾರಣ ಇದ್ದರೆ ಇನ್ನೂ ಮೂರು ತಿಂಗಳವರೆಗೆ ಸಮಿತಿ ವಿಸ್ತರಿಸಬಹುದು. ತಂಡದೊಳಗೆ ಸುಮ್ನೆ ಮಾತಾಡಿ ನೋಡೋಣ ಅಂತ ಎರಡು ವಾರ, ಹಿರಿಯರು ರಜೆಯಲ್ಲಿದ್ದಾರೆ ಅಂತ ಮೂರು ವಾರ, ಈಗ ಪರವಾಗಿಲ್ಲ ಅಲ್ವಾ ಎಂದು ಒಂದು ತಿಂಗಳು. ಇಷ್ಟಾದಾಗ ಆಕೆಯ ಕೈಯಲ್ಲಿ ಉಳಿದದ್ದು ನಾಲ್ಕು ವಾರವೂ ಇಲ್ಲ. ನಡುವೆ ಕೂತವರು ಮೊದಲ ದಿನವೇ ಹೇಳಬೇಕಾದ್ದು ಇದನ್ನು: ಕೊನೆಯ ಘಟನೆಯ ತಾರೀಕು ಬರೆದಿಡಿ, ಮೆಸೇಜು ಅಳಿಸಬೇಡಿ, ದೂರು ಸಮಿತಿಯಲ್ಲಿ ಯಾರಿದ್ದಾರೆ ಅನ್ನುವ ಪಟ್ಟಿ ಇಲ್ಲಿದೆ, ನಾನು ಈ ಮಾತುಕತೆ ಇಲ್ಲಿಗೆ ನಿಲ್ಲಿಸುತ್ತಿದ್ದೇನೆ.